ಹೇಳಿದಷ್ಟು ತಿರುಗದ ರೋವರ್: ತೋಟದ ನೆಲದಲ್ಲಿ ಸ್ಕಿಡ್ ಸ್ಟೀರಿಂಗ್ ಲೆಕ್ಕ

ನಾಲ್ಕು ಚಕ್ರ, ನಾಲ್ಕು ಗೇರ್ ಮೋಟಾರು, ಸ್ಟೀರಿಂಗ್ ಅನ್ನೋದೇ ಇಲ್ಲ. ಎಡಗಡೆಯ ಎರಡು ಚಕ್ರಕ್ಕೆ ಒಂದು ವೇಗ, ಬಲಗಡೆಯ ಎರಡಕ್ಕೆ ಇನ್ನೊಂದು ವೇಗ ಕೊಟ್ಟರೆ ರೋವರ್ ತಿರುಗುತ್ತದೆ. ಇದೇ ಸ್ಕಿಡ್ ಸ್ಟೀರಿಂಗ್. ಹೊರಾಂಗಣದ ಸಣ್ಣ ರೋವರ್ ಮಾಡುವವರು ಹೆಚ್ಚಿನವರು ಇದನ್ನೇ ಆರಿಸಿಕೊಳ್ಳುತ್ತಾರೆ, ಯಾಕೆಂದರೆ ಮುರಿಯುವ ಭಾಗ ಕಡಿಮೆ. ಚಂದ್ರಯಾನ-3ರ ಪ್ರಜ್ಞಾನ್ ರೋವರ್ 2023ರಲ್ಲಿ ಚಂದ್ರನ ಮೇಲೆ ತಿರುಗಿದ್ದೂ ಹೀಗೆಯೇ, ಎಡ ಬಲ ಚಕ್ರಗಳ ವೇಗದ ವ್ಯತ್ಯಾಸದಿಂದ.

ಆದರೆ ಪುಸ್ತಕದ ಸೂತ್ರ ಹಾಕಿ 90 ಡಿಗ್ರಿ ತಿರುಗು ಅಂದರೆ ರೋವರ್ 58 ಡಿಗ್ರಿಯ ಹತ್ತಿರ ನಿಂತುಬಿಡುತ್ತದೆ. ಚಕ್ರದ ಸುತ್ತು ಎಣಿಸುವ ಎನ್‌ಕೋಡರ್ ಮಾತ್ರ 90 ಆಯಿತು ಅನ್ನುತ್ತದೆ. ಆಗ ಎನ್‌ಕೋಡರನ್ನೋ ಬ್ಯಾಟರಿಯನ್ನೋ ಅನುಮಾನಿಸಿ, ಕೊನೆಗೆ ಕೋಡಿನಲ್ಲಿ ಯಾವುದೋ ಒಂದು ಸಂಖ್ಯೆಯಿಂದ ಗುಣಿಸಿ ಸರಿಮಾಡಿಕೊಳ್ಳುವುದು ಸಾಮಾನ್ಯ. ಆ ಸಂಖ್ಯೆ ಎಲ್ಲಿಂದ ಬರುತ್ತದೆ ಅಂತ ಗೊತ್ತಾದರೆ ಚಾಸಿಸ್ ಅಳತೆ, ಮೋಟಾರು, ಕೋಡು ಮೂರನ್ನೂ ಮೊದಲೇ ಸರಿಯಾಗಿ ಆರಿಸಬಹುದು. ಟೇಪು ಹಿಡಿದು ಅದನ್ನು ಅಂದಾಜು ಮಾಡುವ ದಾರಿಯೂ ಇದೆ.

ಇಡೀ ಲೇಖನಕ್ಕೆ ಒಂದೇ ರೋವರ್ ಇಟ್ಟುಕೊಳ್ಳೋಣ. ತೂಕ 12 ಕಿಲೋ, ಚಕ್ರದ ವ್ಯಾಸ 150 ಮಿಮೀ. ಎಡ ಬಲ ಚಕ್ರಗಳ ನಡುವಿನ ಅಂತರ, ಟೈರಿನ ಮಧ್ಯದಿಂದ ಮಧ್ಯಕ್ಕೆ, 0.40 ಮೀ. ಇದನ್ನು B ಅನ್ನೋಣ. ಮುಂದಿನ ಆಕ್ಸಲ್‌ನಿಂದ ಹಿಂದಿನ ಆಕ್ಸಲ್‌ಗೆ 0.30 ಮೀ, ಇದು L. ಕೆಲಸ ಮಾಡಬೇಕಾದ ಜಾಗ ಮಲೆನಾಡಿನ ಅಡಿಕೆ ತೋಟ. ಮರದಿಂದ ಮರಕ್ಕೆ 9 ಅಡಿ, ಅಂದರೆ ಸುಮಾರು 2.7 ಮೀ.

ಮೊದಲು ಪುಸ್ತಕದ ಸೂತ್ರ

ಎಡ ಚಕ್ರದ ವೇಗ vL, ಬಲ ಚಕ್ರದ ವೇಗ vR ಆದರೆ, ರೋವರ್ ಮುಂದೆ ಹೋಗುವ ವೇಗ v, ತಿರುಗುವ ವೇಗ w, ತಿರುವಿನ ತ್ರಿಜ್ಯ R ಇವು ಹೀಗೆ:

```
v = (vR + vL) / 2
w = (vR - vL) / B
R = v / w
```

ಇದು ಎರಡು ಚಕ್ರ ಮತ್ತು ಒಂದು ಪುಟ್ಟ ಕ್ಯಾಸ್ಟರ್ ಇರುವ ರೋಬೋಟಿಗೆ ಚೆನ್ನಾಗಿ ಒಪ್ಪುತ್ತದೆ. ಅಲ್ಲಿ ಎರಡು ಚಕ್ರವೂ ಒಂದೇ ಆಕ್ಸಲ್ ಗೆರೆಯ ಮೇಲಿವೆ. ತಿರುಗುವ ಕೇಂದ್ರವೂ ಅದೇ ಗೆರೆಯ ಮೇಲೆ ಬರುತ್ತದೆ. ಹಾಗಾಗಿ ಯಾವ ಚಕ್ರವೂ ಪಕ್ಕಕ್ಕೆ ಉಜ್ಜಬೇಕಾಗಿಲ್ಲ.

ನಾಲ್ಕು ಚಕ್ರದ ರೋವರ್‌ನಲ್ಲಿ ತಿರುಗುವ ಕೇಂದ್ರ ಎರಡು ಆಕ್ಸಲ್‌ಗಳ ನಡುವೆ ಎಲ್ಲೋ ಇರುತ್ತದೆ. ಚಕ್ರಗಳೆಲ್ಲ ಆ ಕೇಂದ್ರಕ್ಕಿಂತ ಮುಂದೆ ಅಥವಾ ಹಿಂದೆ ಇವೆ. ಮುಂದಿನ ಚಕ್ರ ಒಂದು ಪಕ್ಕಕ್ಕೆ, ಹಿಂದಿನದು ಇನ್ನೊಂದು ಪಕ್ಕಕ್ಕೆ ಉಜ್ಜಿಕೊಂಡು ಹೋಗಲೇಬೇಕು, ಬೇರೆ ದಾರಿಯಿಲ್ಲ. ಕಾಂಕ್ರೀಟ್ ಅಂಗಳದಲ್ಲಿ ನಿಂತಲ್ಲೇ ಸುತ್ತಿಸಿ ನೋಡಿದರೆ ನಾಲ್ಕು ಚಕ್ರದ ಕೆಳಗೂ ಕಪ್ಪು ಗೀರು ಕಾಣುತ್ತದೆ. ಆ ಗೀರಿನಲ್ಲೇ ನಮ್ಮ 32 ಡಿಗ್ರಿ ಕಳೆದುಹೋಗಿದೆ.

ಕರ್ಣದ ಲೆಕ್ಕ

ರೋವರ್ ಒಂದೇ ವೇಗದಲ್ಲಿ ನಿಂತಲ್ಲೇ ಸುತ್ತುತ್ತಿದೆ ಅಂದುಕೊಳ್ಳಿ. ಸುತ್ತುವ ವೇಗ ಏರುತ್ತಲೂ ಇಲ್ಲ, ಇಳಿಯುತ್ತಲೂ ಇಲ್ಲ. ಅಂದರೆ ನೆಲ ಟೈರುಗಳ ಮೇಲೆ ಹಾಕುವ ಬಲ ರೋವರನ್ನು ಸುತ್ತಿಸುವಂತೆಯೂ ಇರಬಾರದು, ತಡೆಯುವಂತೆಯೂ ಇರಬಾರದು. ನಾಲ್ಕು ಚಕ್ರದ ಮೇಲೂ ಒಂದೇ ತೂಕವಿದ್ದರೆ ಇದಕ್ಕೆ ಒಂದೇ ದಾರಿ. ಪ್ರತಿ ಟೈರಿನ ಮೇಲಿನ ಬಲದ ಗೆರೆ ರೋವರ್‌ನ ನಡುಬಿಂದುವಿನ ಮೂಲಕವೇ ಹಾಯಬೇಕು. ಅಂದರೆ ಬಲ ಇರುವುದು ಕರ್ಣದ ಗುಂಟ. ಘರ್ಷಣೆ ಜಾರುವ ದಿಕ್ಕಿಗೆ ನೇರ ವಿರುದ್ಧವಾಗಿ ಇರುವುದರಿಂದ ಟೈರು ಜಾರುವುದೂ ಕರ್ಣದ ಗುಂಟವೇ.

ಈಗ ಒಂದು ಚಕ್ರವನ್ನು ಹತ್ತಿರದಿಂದ ನೋಡಿ. ಅದು ಇರುವ ಮೂಲೆ ವೃತ್ತದಲ್ಲಿ ಸುತ್ತುತ್ತಿದೆ, ಹಾಗಾಗಿ ಮೂಲೆಯ ಚಲನೆ ಕರ್ಣಕ್ಕೆ ಲಂಬವಾಗಿದೆ. ಜಾರುವಿಕೆ ಕರ್ಣದ ಗುಂಟ ಇದೆ. ಈ ಎರಡೂ ಕೂಡಿದರೆ ಚಕ್ರ ಉರುಳುವ ವೇಗ, ಅದು ನೇರ ಮುಂದಕ್ಕೆ. ಇದೊಂದು ಲಂಬಕೋನ ತ್ರಿಕೋನ, ಉರುಳುವ ವೇಗವೇ ಅದರ ಉದ್ದನೆಯ ಬದಿ. ಅದಕ್ಕೇ ಚಕ್ರ ರೋವರ್‌ನ ಚಲನೆಗಿಂತ ಯಾವಾಗಲೂ ಜಾಸ್ತಿ ಉರುಳಬೇಕಾಗುತ್ತದೆ. ಕರ್ಣ d ಆದರೆ ಲೆಕ್ಕ ಕೊನೆಗೆ ಇಷ್ಟು ಸರಳವಾಗುತ್ತದೆ:

```
d^2   = B^2 + L^2
B_eff = d^2 / B
```

ಸೂತ್ರದಲ್ಲಿ B ಇದ್ದ ಜಾಗಕ್ಕೆ B_eff ಹಾಕಿದರೆ ಆಯಿತು. ಇದನ್ನು ಲೆಕ್ಕದ ಅಗಲ ಅನ್ನೋಣ. ಟೇಪಿನಲ್ಲಿ ಸಿಗುವುದು ಅಳತೆಯ ಅಗಲ.

ನಮ್ಮ ರೋವರ್‌ಗೆ 0.40, 0.30 ಇರುವುದರಿಂದ ಕರ್ಣ 0.50. ಲೆಕ್ಕದ ಅಗಲ 0.25 / 0.40 = 0.625 ಮೀ. ಅಳತೆಯ ಅಗಲದ 1.56 ಪಟ್ಟು. 90 ಡಿಗ್ರಿಯನ್ನು 1.56ರಿಂದ ಭಾಗಿಸಿದರೆ ಬರುವುದು ಹೆಚ್ಚುಕಡಿಮೆ 58.

ಇದು ಬರೀ ಕಾಗದದ ಲೆಕ್ಕ ಅಲ್ಲ. ಕ್ಲಿಯರ್‌ಪಾತ್ ಕಂಪನಿಯ ಜಾಕಲ್ ಮತ್ತು ಹಸ್ಕಿ ಎಂಬ ಎರಡು ಸ್ಕಿಡ್ ಸ್ಟೀರ್ ರೋಬೋಟುಗಳ, ROS ಎಂಬ ರೋಬೋಟ್ ತಂತ್ರಾಂಶದ ಫೈಲುಗಳು ಯಾರು ಬೇಕಾದರೂ ತೆರೆದು ನೋಡುವಂತಿವೆ. ಅಲ್ಲಿ `wheel_separation_multiplier` ಅಂತ ಒಂದು ಸಂಖ್ಯೆ ಇದೆ. ಜಾಕಲ್‌ಗೆ 1.5, ಹಸ್ಕಿಗೆ 1.875. ಜಾಕಲ್‌ನ ಅಗಲ 0.376 ಮೀ, ಆಕ್ಸಲ್ ಅಂತರ 0.262 ಮೀ. ನಮ್ಮ ಸೂತ್ರ ಹಾಕಿದರೆ 1.49 ಬರುತ್ತದೆ. ಹಸ್ಕಿಯ 0.571 ಮತ್ತು 0.512ಕ್ಕೆ 1.80 ಬರುತ್ತದೆ. ಎರಡು ಟೇಪಿನ ಅಳತೆಯಿಂದ ಇಷ್ಟು ಹತ್ತಿರ ಹೋಗಬಹುದು ಅಂದರೆ ಮೊದಲ ಅಂದಾಜಿಗೆ ಇದಕ್ಕಿಂತ ಒಳ್ಳೆಯದು ಬೇಕಿಲ್ಲ.

ಸೂತ್ರದ ಮಿತಿ ಇಷ್ಟು. ನಾಲ್ಕು ಚಕ್ರಕ್ಕೂ ಸಮ ತೂಕ ಇದೆ, ಟೈರು ಎಲ್ಲ ದಿಕ್ಕಿಗೂ ಒಂದೇ ರೀತಿ ಹಿಡಿಯುತ್ತದೆ, ನೆಲ ಕುಸಿಯುವುದಿಲ್ಲ ಅಂತ ಅದು ನಂಬುತ್ತದೆ. ಕಾಂಕ್ರೀಟಿನಲ್ಲಿ ಇವು ಬಹುಪಾಲು ನಿಜ. ತೋಟದಲ್ಲಿ ಒಂದೊಂದಾಗಿ ಕೈಕೊಡುತ್ತವೆ.

ತಪ್ಪು ಅಗಲ ಹಾಕಿದರೆ ತೋಟದಲ್ಲಿ ಏನಾಗುತ್ತದೆ

ರೋವರ್ ಎರಡು ಸಾಲಿನ ನಡುವೆ ಬರುತ್ತಿದೆ. ಸಾಲಿನ ಕೊನೆಯ ಮರವನ್ನು ಸುತ್ತಿಕೊಂಡು ಪಕ್ಕದ ಓಣಿಗೆ ಹೊರಳಬೇಕು. ಓಣಿಯಿಂದ ಓಣಿಗೆ 2.7 ಮೀ, ಹಾಗಾಗಿ ಬೇಕಾದ ತ್ರಿಜ್ಯ 1.35 ಮೀ. ವೇಗ ಸೆಕೆಂಡಿಗೆ 0.4 ಮೀ ಇರಲಿ. ತಿರುಗುವ ವೇಗ 0.4 / 1.35 = 0.296 rad/s.

ಅಳತೆಯ ಅಗಲ ಹಾಕಿದರೆ ಎಡಕ್ಕೆ 0.341, ಬಲಕ್ಕೆ 0.459 ಬರುತ್ತದೆ. ಚಕ್ರಗಳು ಹೇಳಿದ ಹಾಗೇ ಸುತ್ತುತ್ತವೆ. ಆದರೆ ರೋವರ್ ನಿಜವಾಗಿ ತಿರುಗುವುದು ಲೆಕ್ಕದ ಅಗಲದ ಪ್ರಕಾರ, ಆಗ ತ್ರಿಜ್ಯ 2.11 ಮೀ ಆಗುತ್ತದೆ. ಅರ್ಧ ಸುತ್ತು ಮುಗಿಯುವ ಹೊತ್ತಿಗೆ ಅದು ಹೊರಟ ಓಣಿಯಿಂದ 4.2 ಮೀ ಪಕ್ಕಕ್ಕೆ ಬಂದಿರುತ್ತದೆ. ಮುಂದಿನ ಮರದ ಸಾಲು ಇರುವುದು 4.05 ಮೀಟರಿನಲ್ಲಿ. ಅಂದರೆ ಪಕ್ಕದ ಓಣಿಯನ್ನು ದಾಟಿ ಆಚೆಯ ಸಾಲಿನ ಅಡಿಕೆ ಮರಕ್ಕೆ ನೇರ ಮುಖ ಮಾಡಿ ನಿಂತಿರುತ್ತದೆ.

0.625 ಹಾಕಿದರೆ ಎಡಕ್ಕೆ 0.307, ಬಲಕ್ಕೆ 0.493. ವ್ಯತ್ಯಾಸ ನೋಡಲು ಸಣ್ಣದು, ಆದರೆ ಓಣಿಯೊಳಗೆ ಇಳಿಯಲು ಇಷ್ಟೇ ಸಾಕು.

ತ್ರಿಜ್ಯ ಅನ್ನುವುದು ರೋವರ್‌ನ ನಡುಬಿಂದುವಿನದು ಅನ್ನೋದನ್ನು ಮರೆಯಬೇಡಿ. ಮರಕ್ಕೆ ತಾಗುವುದು ಮೂಲೆ. ಟೈರಿನ ಹೊರಮೈಯಿಂದ ಹೊರಮೈಗೆ 0.48 ಮೀ, ಒಟ್ಟು ಉದ್ದ 0.45 ಮೀ ಇದ್ದರೆ, 1.35ರ ತಿರುವಿನಲ್ಲಿ ಹೊರಮೂಲೆ 1.61 ಮೀಟರಿನ ವೃತ್ತ ಎಳೆಯುತ್ತದೆ. ನಿಂತಲ್ಲೇ ಸುತ್ತಿದರೆ ಆ ವೃತ್ತ 0.33 ಮೀ ಮಾತ್ರ. ಸ್ಕಿಡ್ ಸ್ಟೀರಿಂಗ್ ಇಷ್ಟವಾಗುವುದೇ ಇದಕ್ಕೆ ಅಲ್ವಾ. ಆದರೆ ನಿಂತಲ್ಲೇ ಸುತ್ತುವುದಕ್ಕೆ ತೆರಬೇಕಾದ ಬೆಲೆ ಮೋಟಾರಿನಲ್ಲಿ ಕಾಣುತ್ತದೆ.

ಮೋಟಾರಿನ ಟಾರ್ಕ್ ಏರಿನಿಂದಲ್ಲ, ತಿರುವಿನಿಂದ ಲೆಕ್ಕ ಹಾಕಿ

ಹೆಚ್ಚಿನವರು ಮೋಟಾರು ಆರಿಸುವಾಗ ಎಷ್ಟು ಏರು ಹತ್ತಬೇಕು ಅಂತ ನೋಡುತ್ತಾರೆ. ಸ್ಕಿಡ್ ಸ್ಟೀರಿಂಗ್‌ನಲ್ಲಿ ಮೋಟಾರನ್ನು ಸುಡುವುದು ತಿರುವು.

ಪ್ರತಿ ಚಕ್ರದ ಮೇಲೆ 3 ಕಿಲೋ ತೂಕ, ಅಂದರೆ 29.4 ನ್ಯೂಟನ್. ಕಾಂಕ್ರೀಟಿನಲ್ಲಿ ರಬ್ಬರಿನ ಘರ್ಷಣಾಂಕ 0.7 ಅಂದುಕೊಂಡರೆ ಟೈರು ಜಾರುವಾಗಿನ ಬಲ 20.6 ನ್ಯೂಟನ್. ಇದು ಕರ್ಣದ ಗುಂಟ ಇದೆ. ಇದರಲ್ಲಿ ಮೋಟಾರು ತಳ್ಳಬೇಕಾದ, ಮುಂದಿನ ದಿಕ್ಕಿನ ಪಾಲು L/d, ಅಂದರೆ 0.6. ಹಾಗಾಗಿ 12.4 ನ್ಯೂಟನ್. ಚಕ್ರದ ತ್ರಿಜ್ಯ 0.075 ಮೀ, ಟಾರ್ಕ್ 0.93 ನ್ಯೂಟನ್ ಮೀಟರ್. ಅಂಗಡಿಯವರು ಹೇಳುವ ಲೆಕ್ಕದಲ್ಲಿ ಸುಮಾರು 9.5 ಕೆಜಿ-ಸೆಂಮೀ.

ಇದೇ 12.4 ನ್ಯೂಟನ್ ಪ್ರತಿ ಚಕ್ರಕ್ಕೂ ಬೇಕಾಗುವ ಏರು ಎಷ್ಟು ಗೊತ್ತಾ? 25 ಡಿಗ್ರಿ. ಸಪಾಟು ಅಂಗಳದಲ್ಲಿ ಸುಮ್ನೆ ನಿಂತಲ್ಲೇ ಒಂದು ಸುತ್ತು ಹಾಕುವುದು 25 ಡಿಗ್ರಿ ಏರು ಹತ್ತಿದಷ್ಟೇ ಭಾರ.

ಈಗ ಇದೇ ಚಾಸಿಸ್ಸನ್ನು ಅಡ್ಡ ತಿರುಗಿಸಿ. ಅಗಲ 0.30, ಆಕ್ಸಲ್ ಅಂತರ 0.40. ಕರ್ಣ ಅದೇ 0.50. ಆದರೆ L/d ಈಗ 0.8, ಟಾರ್ಕ್ 1.24 ನ್ಯೂಟನ್ ಮೀಟರಿಗೆ ಏರಿತು. ಲೆಕ್ಕದ ಅಗಲ 0.83 ಮೀ ಆಯಿತು, ಅಳತೆಯ ಅಗಲದ 2.8 ಪಟ್ಟು. ಅಂದರೆ ಮೂಲೆ ಸಾಗುವುದಕ್ಕಿಂತ ಟೈರು ಉಜ್ಜುವುದೇ ಜಾಸ್ತಿ. ನೋಡಲು ಉದ್ದನೆಯ ರೋವರ್ ಚೆನ್ನ, ಕಾರಿನ ಹಾಗೆ ಕಾಣುತ್ತದೆ. ಆದರೆ ಸ್ಕಿಡ್ ಸ್ಟೀರಿಂಗ್‌ಗೆ ಆಕ್ಸಲ್ ಅಂತರ ಅಗಲಕ್ಕಿಂತ ಕಡಿಮೆಯೇ ಇರಬೇಕು. ನನ್ನ ಮಟ್ಟಿಗೆ L/B 0.75 ದಾಟಿದರೆ ಆ ಚಾಸಿಸ್ ಬೇಡ. ತೀರಾ ಕಡಿಮೆ ಮಾಡಿದರೆ ಉಬ್ಬು ಹತ್ತುವಾಗ ಹಿಂದಕ್ಕೆ ಮಗುಚುತ್ತದೆ, ಹಾಗಾಗಿ 0.6ರಿಂದ 0.75ರ ನಡುವೆ ಇಟ್ಟುಕೊಳ್ಳಿ.

ಬ್ರಷ್ ಇರುವ ಗೇರ್ ಮೋಟಾರನ್ನು ಅದರ ಸ್ಟಾಲ್ ಟಾರ್ಕಿನ, ಅಂದರೆ ಭಾರಕ್ಕೆ ಮೋಟಾರು ನಿಂತೇಹೋಗುವ ಟಾರ್ಕಿನ, ಕಾಲು ಭಾಗಕ್ಕಿಂತ ಜಾಸ್ತಿ ಹೊತ್ತುಗಟ್ಟಲೆ ದುಡಿಸಬಾರದು. ಹಾಗಾಗಿ 9.5 ಬೇಕಾದ ಕಡೆ ಸ್ಟಾಲ್ ಟಾರ್ಕ್ ಸುಮಾರು 38 ಕೆಜಿ-ಸೆಂಮೀ ಇರುವ ಮೋಟಾರು ತೆಗೆದುಕೊಳ್ಳಿ. ಒರಟು ನೆಲದಲ್ಲಿ ಒಂದು ಚಕ್ರ ಮೇಲೆದ್ದರೆ ಅದರ ಪಾಲಿನ ತೂಕವೂ ಪಕ್ಕದ ಚಕ್ರಕ್ಕೆ ಬೀಳುತ್ತದೆ, ಆ ಮೋಟಾರಿನ ಮೇಲಿನ ಹೊರೆ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಈ ಕಾಲು ಭಾಗದ ನಿಯಮ ಅದಕ್ಕೂ ಜಾಗ ಬಿಡುತ್ತದೆ.

ಇನ್ನೊಂದು ಹೊರೆ ಶಾಫ್ಟಿನ ಮೇಲೆ ಬರುತ್ತದೆ. ಪಕ್ಕಕ್ಕೆ ಉಜ್ಜುವ ಬಲ 16.5 ನ್ಯೂಟನ್ ಇದೆ, ಅದು ಶಾಫ್ಟನ್ನು ಬಗ್ಗಿಸಲು ನೋಡುತ್ತದೆ. ಬುಷ್ ಮಾತ್ರ ಇರುವ ಅಗ್ಗದ ಗೇರ್‌ಬಾಕ್ಸ್ ಕೆಲವೇ ವಾರದಲ್ಲಿ ಅಲ್ಲಾಡತೊಡಗುತ್ತದೆ. ಚಕ್ರವನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದರೆ ಗೊತ್ತಾಗುತ್ತದೆ. ಚಾಸಿಸ್ ಗೋಡೆಯಲ್ಲಿ ಒಂದು ಬೇರಿಂಗ್ ಕೂರಿಸಿ, ಚಕ್ರದ ಶಾಫ್ಟನ್ನು ಅದರ ಮೂಲಕ ಹಾಯಿಸಿ, ಮೋಟಾರಿಗೆ ಕಪ್ಲರ್‌ನಿಂದ ಜೋಡಿಸುವುದು ಸರಿಯಾದ ದಾರಿ.

ಒಳಗಡೆಯ ಚಕ್ರದ ಕಥೆ

ಬಲಗಡೆ ಜೋರು, ಎಡಗಡೆ ನಿಧಾನ ಕೊಟ್ಟು ಎಡಕ್ಕೆ ತಿರುಗುವಾಗ, ಎಡಗಡೆಯ ಮೋಟಾರುಗಳು ನಿಧಾನವಾಗಿ ತಳ್ಳುತ್ತಿವೆ ಅಂತ ಅನಿಸುತ್ತದೆ. ನಿಜದಲ್ಲಿ ಅವು ತಳ್ಳುವುದೇ ಇಲ್ಲ, ತಡೆಹಿಡಿಯುತ್ತವೆ. ಹೊರಗಡೆಯ ಚಕ್ರಗಳು ರೋವರನ್ನು ಮುಂದಕ್ಕೆ ತಳ್ಳಿದಷ್ಟೇ ಬಲದಿಂದ ಒಳಗಡೆಯವು ಹಿಂದಕ್ಕೆ ಎಳೆದು ಹಿಡಿಯಬೇಕು. ಆಗಲೇ ತಿರುವು ಹುಟ್ಟುವುದು.

ಮೋಟಾರಿನ ವಿದ್ಯುತ್ತನ್ನು ವೇಗವಾಗಿ ಆನ್ ಆಫ್ ಮಾಡಿ ಶಕ್ತಿ ಹೊಂದಿಸುವ PWM ಮಾತ್ರ ಕೊಟ್ಟು ಎನ್‌ಕೋಡರ್ ಇಲ್ಲದೆ ಓಡಿಸಿದರೆ ಇಲ್ಲೇ ಕೆಡುತ್ತದೆ. ಬಲಕ್ಕೆ 70%, ಎಡಕ್ಕೆ 45% ಕೊಟ್ಟಿರುತ್ತೀರಿ. ಹೊರ ಚಕ್ರಗಳು ಭಾರಕ್ಕೆ ನಿಧಾನವಾಗುತ್ತವೆ, ಒಳಚಕ್ರಗಳನ್ನು ನೆಲವೇ ಎಳೆದು ವೇಗವಾಗಿ ಸುತ್ತಿಸುತ್ತದೆ. ಎರಡೂ ವೇಗ ಹತ್ತಿರ ಹತ್ತಿರ ಬಂದು ರೋವರ್ ಹೆಚ್ಚುಕಡಿಮೆ ನೇರವಾಗಿಯೇ ಹೋಗುತ್ತದೆ. ನೀವು ವ್ಯತ್ಯಾಸ ಏರಿಸುತ್ತಾ ಹೋದರೆ ಒಂದು ಹಂತದಲ್ಲಿ ಟೈರು ಬಿಟ್ಟುಕೊಟ್ಟು ರೋವರ್ ಫಕ್ಕನೆ ತಿರುಗಿಬಿಡುತ್ತದೆ.

ಪರಿಹಾರ ಎರಡು. ಎನ್‌ಕೋಡರ್ ನೋಡಿ ಹೇಳಿದ ವೇಗವನ್ನೇ ಕಾಯುವ PID ಲೂಪು ಎಡಕ್ಕೊಂದು ಬಲಕ್ಕೊಂದು ಇರಲೇಬೇಕು. ಮತ್ತು ಮೋಟಾರ್ ಡ್ರೈವರ್ PWM ಆಫ್ ಆದ ಹೊತ್ತಿನಲ್ಲಿ ಮೋಟಾರನ್ನು ಸುಮ್ನೆ ಬಿಟ್ಟುಬಿಡುವ ಕೋಸ್ಟ್ ರೀತಿಯಲ್ಲಿ ಇರಬಾರದು, ಬ್ರೇಕ್ ರೀತಿಯಲ್ಲಿ ಇರಬೇಕು. ಕೋಸ್ಟ್‌ನಲ್ಲಿ ಒಳಚಕ್ರ ತಡೆಹಿಡಿಯುವುದೇ ಇಲ್ಲ.

ವೇಗ ಲೆಕ್ಕ ಹಾಕುವ ಕೋಡು ಇಷ್ಟೇ:

```python
B_EFF = 0.64     # m
R_WHEEL = 0.073  # m
W_MAX = 10.0     # rad/s

def wheel_speeds(v, w):
    left = (v - w * B_EFF / 2) / R_WHEEL
    right = (v + w * B_EFF / 2) / R_WHEEL
    k = max(abs(left), abs(right)) / W_MAX
    if k > 1:
        left, right = left / k, right / k
    return left, right
```

ಕೊನೆಯ `if` ಬಹಳ ಮುಖ್ಯ. ಹೊರಚಕ್ರಕ್ಕೆ ಮೋಟಾರು ಕೊಡಲಾಗದಷ್ಟು ವೇಗ ಕೇಳಿದರೆ ಬರೀ ಅದೊಂದನ್ನೇ ಕತ್ತರಿಸಬಾರದು. ಹಾಗೆ ಮಾಡಿದರೆ ತಿರುವು ಅಗಲವಾಗಿ ರೋವರ್ ದಾರಿ ಬಿಡುತ್ತದೆ. ಎರಡನ್ನೂ ಒಂದೇ ಪ್ರಮಾಣದಲ್ಲಿ ಇಳಿಸಿದರೆ ನಿಧಾನವಾಗುತ್ತದೆ, ತ್ರಿಜ್ಯ ಮಾತ್ರ ಹೇಳಿದಷ್ಟೇ ಉಳಿಯುತ್ತದೆ. 0.64, 0.073 ಎಲ್ಲಿಂದ ಬಂದವು ಅನ್ನೋದಕ್ಕೆ ಅಳತೆ ಮಾಡಬೇಕು.

ನೆಲದ ಮೇಲೆ ಅಳೆಯುವ ಕ್ರಮ

ಮೊದಲು ಚಕ್ರದ ತ್ರಿಜ್ಯ. ಸುಣ್ಣದಲ್ಲಿ 10 ಮೀಟರಿನ ಗೆರೆ ಎಳೆದು, ಪೂರ್ತಿ ತೂಕ ಹೊರಿಸಿ, ನೇರ ಓಡಿಸಿ. ಎನ್‌ಕೋಡರ್‌ನಲ್ಲಿ ಚಕ್ರ 21.8 ಸುತ್ತು ಬಂದಿತು ಅಂದುಕೊಳ್ಳಿ. 10 / (2 × 3.1416 × 21.8) = 0.073 ಮೀ. ಟೇಪಿನಲ್ಲಿ 75 ಮಿಮೀ ಇದ್ದದ್ದು ತೂಕಕ್ಕೆ ಟೈರು ತಗ್ಗಿ 73 ಆಗಿದೆ. ಎಡ ಬಲ ಎರಡಕ್ಕೂ ಬೇರೆ ಬೇರೆ ಲೆಕ್ಕ ಹಾಕಿ. ಇದು ಸರಿಯಾಗದೆ ಮುಂದೆ ಹೋಗಬೇಡಿ, ಇಲ್ಲಿನ ತಪ್ಪು ಅಗಲದ ಲೆಕ್ಕದೊಳಗೆ ಸೇರಿಕೊಂಡುಬಿಡುತ್ತದೆ.

ಆಮೇಲೆ ಲೆಕ್ಕದ ಅಗಲ. ರೋವರನ್ನು ನಿಂತಲ್ಲೇ ನಿಧಾನವಾಗಿ 5 ಸುತ್ತು ಸುತ್ತಿಸಿ. ನಿಜವಾದ ಸುತ್ತು ಎಣಿಸಬೇಕು, ಎನ್‌ಕೋಡರ್ ಹೇಳುವ ಸುತ್ತಲ್ಲ. ರೋವರ್‌ನ ಮೂತಿಗೆ ಎದುರಾಗಿ ಗೋಡೆಗೋ ಮರಕ್ಕೋ ಒಂದು ಗುರುತು ಮಾಡಿ, ಐದನೇ ಬಾರಿ ಅದಕ್ಕೆ ನೇರ ಬಂದಾಗ ನಿಲ್ಲಿಸಿ. ಐದು ಸುತ್ತು ಅಂದರೆ 31.4 ರೇಡಿಯನ್. ಬಲ ಚಕ್ರ 10.1 ಮೀ ಮುಂದಕ್ಕೆ, ಎಡ ಚಕ್ರ 10.0 ಮೀ ಹಿಂದಕ್ಕೆ ಉರುಳಿದ್ದರೆ:

```
B_eff = (10.1 + 10.0) / 31.4 = 0.64
```

ಕರ್ಣದ ಲೆಕ್ಕ 0.625 ಅಂದಿತ್ತು, ಹತ್ತಿರವೇ ಇದೆ. ಎಡಕ್ಕೂ ಬಲಕ್ಕೂ ಸುತ್ತಿಸಿ ಎರಡನ್ನೂ ಹೋಲಿಸಿ. ಒಂದು ದಿಕ್ಕಿಗೆ ಸಂಖ್ಯೆ ಜಾಸ್ತಿ, ಇನ್ನೊಂದಕ್ಕೆ ಕಡಿಮೆ ಬಂದರೆ ನೆಲ ವಾಲಿದೆ ಅಥವಾ ಒಂದು ಬದಿಯ ಮೋಟಾರು ಸೋಲುತ್ತಿದೆ.

ಈ ಪರೀಕ್ಷೆಯನ್ನು ಅಂಗಳದಲ್ಲಿ ಮಾತ್ರ ಮಾಡಿ ನಿಲ್ಲಿಸಬೇಡಿ. ತೋಟದ ಒಣ ಮಣ್ಣು, ಗರಿಕೆ ಹುಲ್ಲು, ಒದ್ದೆ ಮಣ್ಣು, ರೋವರ್ ಎಲ್ಲೆಲ್ಲಿ ಓಡಬೇಕೋ ಅಲ್ಲೆಲ್ಲ ಮಾಡಿ. ಸಂಖ್ಯೆ ಬೇರೆ ಬೇರೆ ಬರುತ್ತದೆ. ಗುಬುಟುಗಳಿರುವ ಟ್ರ್ಯಾಕ್ಟರ್ ಮಾದರಿಯ ಟೈರು ಮುಂದಕ್ಕೆ ಚೆನ್ನಾಗಿ ಹಿಡಿದು ಪಕ್ಕಕ್ಕೆ ಸುಲಭವಾಗಿ ಜಾರಿದರೆ ಸಂಖ್ಯೆ ಇಳಿಯುತ್ತದೆ. ಸಡಿಲ ಮಣ್ಣಿನಲ್ಲಿ ಚಕ್ರ ಇದ್ದಲ್ಲೇ ಸುತ್ತಿ, ಪಕ್ಕದಲ್ಲಿ ಮಣ್ಣಿನ ದಂಡೆ ಎದ್ದರೆ ಏರುತ್ತದೆ.

ಜೊತೆಗೆ 1.5 ಮೀಟರ್ ತ್ರಿಜ್ಯದ ದೊಡ್ಡ ವೃತ್ತ ಹಾಕಿಸಿಯೂ ಒಮ್ಮೆ ಅಳೆಯಿರಿ. ಮೆತ್ತನೆ ಟೈರು ಅಗಲ ತಿರುವಿನಲ್ಲಿ ಪೂರ್ತಿ ಜಾರುವುದಿಲ್ಲ, ಸ್ವಲ್ಪ ತಿರುಚಿಕೊಂಡು ಸುಧಾರಿಸಿಕೊಳ್ಳುತ್ತದೆ. ಹಾಗಾಗಿ ದೊಡ್ಡ ವೃತ್ತದಲ್ಲಿ ಸಿಗುವ ಅಗಲ ನಿಂತಲ್ಲೇ ಸುತ್ತಿಸಿದಾಗ ಸಿಗುವುದಕ್ಕಿಂತ ಕಡಿಮೆ ಇರಬಹುದು. ವ್ಯತ್ಯಾಸ ಹತ್ತು ಶೇಕಡಕ್ಕಿಂತ ಜಾಸ್ತಿ ಇದ್ದರೆ ಕೋಡಿನಲ್ಲಿ ಎರಡು ಸಂಖ್ಯೆ ಇಟ್ಟುಕೊಳ್ಳಿ.

ತೋಟದಲ್ಲಿ ಸಂಖ್ಯೆ ನಿಲ್ಲುವುದಿಲ್ಲ

ಎಷ್ಟೇ ಅಳೆದರೂ ಲೆಕ್ಕದ ಅಗಲ ಅನ್ನುವುದು ನೆಲದ ಜೊತೆ ಬದಲಾಗುತ್ತಲೇ ಇರುತ್ತದೆ. ಅಡಿಕೆ ತೋಟದಲ್ಲಿ ಬಿದ್ದ ಹಾಳೆಯನ್ನೇ ತೆಗೆದುಕೊಳ್ಳಿ. ಚಕ್ರ ಒದ್ದೆ ಹಾಳೆಯ ಮೇಲೆ ಹತ್ತಿದರೆ ಟೈರು ಹಾಳೆಯನ್ನು ಗಟ್ಟಿಯಾಗಿಯೇ ಹಿಡಿಯುತ್ತದೆ, ಹಾಳೆ ಮಾತ್ರ ಕೆಳಗಿನ ಕೆಸರಿನ ಮೇಲೆ ಜಾರುತ್ತದೆ. ಎನ್‌ಕೋಡರ್‌ಗೆ ಇದು ಏನೂ ತಿಳಿಯುವುದಿಲ್ಲ. ಆ ಬದಿಯ ಹಿಡಿತ ಹೋಗಿ ರೋವರ್ ಇನ್ನೊಂದು ಬದಿಯ ಸುತ್ತ ತಿರುಗಿಬಿಡುತ್ತದೆ.

ಅದಕ್ಕೇ ದಿಕ್ಕನ್ನು ಎನ್‌ಕೋಡರ್‌ನಿಂದ ಲೆಕ್ಕ ಹಾಕಬೇಡಿ, ತಿರುಗುವ ವೇಗವನ್ನೇ ಅಳೆಯುವ ಗೈರೊದಿಂದ ತೆಗೆದುಕೊಳ್ಳಿ. MPU6050 ಥರದ ಅಗ್ಗದ ಗೈರೊ ಕೂಡ ಈ ವಿಷಯದಲ್ಲಿ ಚಕ್ರಕ್ಕಿಂತ ಎಷ್ಟೋ ನಂಬಬಹುದು. ಹೊರಡುವ ಮುಂಚೆ ಎರಡು ಮೂರು ಸೆಕೆಂಡು ಅಲ್ಲಾಡದೆ ನಿಲ್ಲಿಸಿ, ಆಗ ಬರುವ ಸರಾಸರಿಯನ್ನು ಸೊನ್ನೆ ಅಂತ ಹಿಡಿದು ಕಳೆಯಬೇಕು. ಬಿಸಿಲಿಗೆ ಬಿಸಿಯಾದಂತೆ ಆ ಸೊನ್ನೆ ಸರಿಯುತ್ತದೆ, ಹಾಗಾಗಿ ನಿಂತಾಗಲೆಲ್ಲ ಮತ್ತೆ ತೆಗೆದುಕೊಳ್ಳುವುದು ಒಳ್ಳೆಯದು.

ಹಾಗಾದರೆ ಲೆಕ್ಕದ ಅಗಲ ಯಾಕೆ ಬೇಕು? ಚಕ್ರಕ್ಕೆ ಎಷ್ಟು ವೇಗ ಕೊಡಬೇಕು ಅನ್ನೋ ಮೊದಲ ಅಂದಾಜು ಅದರಿಂದಲೇ ಬರಬೇಕು. ಉಳಿದ ಸಣ್ಣ ತಪ್ಪನ್ನು ಗೈರೊ ತಿದ್ದುತ್ತದೆ. ಮೊದಲ ಅಂದಾಜೇ 36% ಕಡಿಮೆ ಇದ್ದರೆ ತಿದ್ದುವ ಲೂಪು ತಿರುವಿನುದ್ದಕ್ಕೂ ಓಡಾಡಿಕೊಂಡೇ ಇರುತ್ತದೆ, ರೋವರ್ ಹಾವಿನ ಹಾಗೆ ಓಲಾಡುತ್ತದೆ.

ಇದರಿಂದ ಇನ್ನೊಂದು ಲಾಭವಿದೆ, ನನಗೆ ಇದು ಮೊದಲಿನದಕ್ಕಿಂತಲೂ ದೊಡ್ಡದು. ಚಕ್ರಗಳ ಲೆಕ್ಕದಲ್ಲಿ ಎಷ್ಟು ತಿರುಗಬೇಕಿತ್ತು, ಗೈರೊ ಪ್ರಕಾರ ಎಷ್ಟು ತಿರುಗಿತು, ಇವೆರಡನ್ನು ಹೋಲಿಸಿದರೆ ರೋವರ್ ಹೂತುಕೊಳ್ಳುತ್ತಿದೆಯೇ ಅಂತ ಗೊತ್ತಾಗುತ್ತದೆ.

```python
def turn_ratio(vl, vr, gyro_z):
    diff = vr - vl
    if abs(diff) < 0.1:
        return None
    return gyro_z * B_EFF / diff
```

1ರ ಹತ್ತಿರ ಇದ್ದರೆ ನೆಲ ನೀವು ಅಳೆದ ಹಾಗೇ ಇದೆ. 0.8ಕ್ಕೆ ಇಳಿದರೆ ಸಡಿಲ ಮಣ್ಣಿರಬಹುದು, ಗೈರೊ ಸುಧಾರಿಸುತ್ತದೆ. ಒಂದು ಸೆಕೆಂಡಿನ ಸರಾಸರಿ 0.5ಕ್ಕಿಂತ ಕೆಳಗೆ ಬಂದರೆ ತಕ್ಷಣ ತಿರುವು ನಿಲ್ಲಿಸಿ. ಅಲ್ಲಿ ಗೈರೊ ಲೂಪು ‘ತಿರುಗುತ್ತಿಲ್ಲ, ಇನ್ನೂ ಜೋರು ಕೊಡು’ ಅನ್ನುತ್ತದೆ. ಜೋರು ಕೊಟ್ಟಷ್ಟೂ ಚಕ್ರ ಗುಂಡಿ ತೋಡುತ್ತದೆ. ಲೂಪಿನ ತಿದ್ದುವಿಕೆಗೆ ಒಂದು ಮಿತಿ ಹಾಕಿ, ಕೇಳಿದ ತಿರುಗುವ ವೇಗದ 30%ಕ್ಕಿಂತ ಜಾಸ್ತಿ ಸೇರಿಸಲು ಬಿಡಬೇಡಿ.

ಕಣ್ಣಿಗೂ ಇದು ಕಾಣುತ್ತದೆ. ಸಡಿಲ ಮಣ್ಣಿನಲ್ಲಿ ನಿಂತಲ್ಲೇ ಸುತ್ತುವಾಗ ಮೊದಲ ಕಾಲು ಸುತ್ತು ಸಲೀಸಾಗಿ ಬರುತ್ತದೆ. ಆಮೇಲೆ ಟೈರಿನ ಪಕ್ಕದಲ್ಲಿ ಮಣ್ಣು ದಂಡೆಯಾಗಿ ಏಳುತ್ತದೆ, ಕರೆಂಟ್ ಏರುತ್ತಾ ಹೋಗುತ್ತದೆ, ತಿರುಗುವ ವೇಗ ಇಳಿಯುತ್ತದೆ. ಹಾಗಾಗಿ ಅಂಥ ನೆಲದಲ್ಲಿ ನಿಂತಲ್ಲೇ ಸುತ್ತುವ ಆದೇಶವನ್ನೇ ಕೋಡಿನಿಂದ ತೆಗೆದುಹಾಕಿ. ಜಾಗ ಇದ್ದರೆ 1 ಮೀಟರಿಗಿಂತ ದೊಡ್ಡ ತ್ರಿಜ್ಯದಲ್ಲಿ ಹೊರಳಿಸಿ. ಚಕ್ರ ಮುಂದೆ ಹೋಗುತ್ತಾ ಹೊಸ ಮಣ್ಣಿಗೆ ಬರುವುದರಿಂದ ದಂಡೆ ಕೂಡಿಕೊಳ್ಳಲು ಹೊತ್ತು ಸಿಗುವುದಿಲ್ಲ. ಜಾಗ ಇಲ್ಲದಿದ್ದರೆ ಸ್ವಲ್ಪ ಮುಂದೆ ಹೊರಳಿಸಿ, ಸ್ವಲ್ಪ ಹಿಂದೆ ಹೊರಳಿಸಿ, ಹೀಗೆ ಮೂರು ನಾಲ್ಕು ಬಾರಿಗೆ ತಿರುಗಿಸಿಕೊಳ್ಳಿ.

ತೂಕ ಎಲ್ಲಿ ಇಡಬೇಕು

ಇಡೀ ಲೆಕ್ಕ ನಾಲ್ಕು ಚಕ್ರಕ್ಕೂ ಸಮ ತೂಕ ಅಂತ ಹಿಡಿದದ್ದು. ಬ್ಯಾಟರಿಯನ್ನು ಹಿಂದಕ್ಕೆ ಸರಿಸಿದರೆ ತಿರುಗುವ ಕೇಂದ್ರವೂ ಹಿಂದಿನ ಆಕ್ಸಲ್ ಕಡೆಗೆ ಹೋಗುತ್ತದೆ. ಭಾರದ ಹಿಂದಿನ ಚಕ್ರಗಳು ಕಡಿಮೆ ಉಜ್ಜುತ್ತವೆ, ಹಗುರವಾದ ಮುಂದಿನವು ಜಾಸ್ತಿ ದೂರ ಉಜ್ಜಿದರೂ ಬಲ ಕಡಿಮೆ. ಒಟ್ಟಿನಲ್ಲಿ ತಿರುಗುವುದು ಹಗುರವಾಗುತ್ತದೆ. ರಸ್ತೆ ಕೆಲಸದಲ್ಲಿ ನೋಡುವ ಪುಟ್ಟ ಸ್ಕಿಡ್ ಸ್ಟೀರ್ ಲೋಡರ್‌ಗಳು ಬಕೆಟ್ ಖಾಲಿ ಇದ್ದಾಗ ಹಿಂದೆ ಭಾರವಾಗಿರುತ್ತವೆ, ಅದಕ್ಕೇ ಮೂತಿ ಸುಲಭವಾಗಿ ಆಚೀಚೆ ಹೋಗುತ್ತದೆ.

ಆದರೆ ಏರಿನಲ್ಲಿ ತೂಕ ಹೇಗೂ ಹಿಂದಕ್ಕೆ ಬೀಳುತ್ತದೆ. ಮೊದಲೇ ಹಿಂದೆ ಭಾರವಿದ್ದ ರೋವರ್‌ನ ಮುಂದಿನ ಚಕ್ರ ಆಗ ನೆಲ ಬಿಡುತ್ತದೆ. ಮಲೆನಾಡಿನ ತೋಟ ಸಪಾಟಾಗಿರುವುದು ಕಡಿಮೆ, ಅಲ್ಲಿಗೆ ನಾನು ಬ್ಯಾಟರಿಯನ್ನು ನಡುವಿಗೇ ಇಟ್ಟು ಆಕ್ಸಲ್ ಅಂತರ ಕಡಿಮೆ ಮಾಡುವುದನ್ನೇ ಆರಿಸುತ್ತೇನೆ. ಸಾಧ್ಯವಾದರೆ ಎಡ ಬಲ ಬದಿಗಳನ್ನು ಬೇರೆ ಬೇರೆ ರಾಕರ್ ಮಾಡಿ, ನಡುವೆ ಒಂದು ಡಿಫರೆನ್ಷಿಯಲ್ ಸರಳಿನಿಂದ ಜೋಡಿಸಿ. ಒಂದು ಚಕ್ರ ಕಲ್ಲಿನ ಮೇಲೆ ಹತ್ತಿದರೂ ಉಳಿದ ಮೂರು ನೆಲ ಬಿಡುವುದಿಲ್ಲ. ಗಟ್ಟಿ ಚಾಸಿಸ್ಸಿನಲ್ಲಿ ಹಾಗಲ್ಲ. ಒಂದು ಚಕ್ರ ಎದ್ದ ಕೂಡಲೇ ತೂಕವೆಲ್ಲ ಇನ್ನೊಂದು ಕರ್ಣದ ತುದಿಗಳ ಎರಡು ಚಕ್ರಗಳಿಗೆ ಹೋಗುತ್ತದೆ, ಲೆಕ್ಕದ ಅಗಲ ಕ್ಷಣದಲ್ಲಿ ಬದಲಾಗುತ್ತದೆ, ಮೂತಿ ಜಗ್ಗಿದಂತೆ ಹೊರಳುತ್ತದೆ.

ಇಳಿಜಾರಿಗೆ ಅಡ್ಡವಾಗಿ ನಿಂತು ಸುತ್ತುವುದು ಮಾತ್ರ ಬೇಡ. ಜಾರುತ್ತಿರುವ ಟೈರಿಗೆ ಪಕ್ಕದ ಹಿಡಿತ ಉಳಿದಿರುವುದಿಲ್ಲ, ಘರ್ಷಣೆಯೆಲ್ಲ ತಿರುಗುವುದಕ್ಕೇ ಖರ್ಚಾಗಿರುತ್ತದೆ. ಆಗ ಸಣ್ಣ ಇಳಿಜಾರಿನಲ್ಲೂ ರೋವರ್ ಸುತ್ತುತ್ತಲೇ ಕೆಳಕ್ಕೆ ಸರಿಯುತ್ತದೆ, ಕೆಳಗೆ ಬಸಿಗಾಲುವೆ ಇದ್ದರೆ ಅದರೊಳಗೇ ಹೋಗಿ ಬೀಳುತ್ತದೆ. ಬಂದ ಗಾಲಿಗುರುತಿನ ಮೇಲೇ ನೇರ ಹಿಂದಕ್ಕೆ ಹೋಗಿ, ಸಪಾಟು ಸಿಕ್ಕ ಕಡೆ ತಿರುಗಿಸಿಕೊಳ್ಳಿ. ಆ ಗುರುತಿನ ಮಣ್ಣು ಒಮ್ಮೆ ತುಳಿದು ಗಟ್ಟಿಯಾಗಿರುತ್ತದೆ, ಹಿಂದೆ ಬರಲು ಕರೆಂಟೂ ಕಡಿಮೆ ಸಾಕು.